ಒಂದು ಪುಟದ ಆಯವ್ಯಯ ಸಾರ: ಆಡಳಿತ ಮಂಡಳಿಯ ಮುಂದೆ ಯಾವ ಕೋಷ್ಟಕ, ಯಾವ ನಕ್ಷೆ?

ಸಹಕಾರ ಸಂಘಗಳ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಆರಂಭಗೊಂಡು ಮಾರ್ಚ್ 31ಕ್ಕೆ ಮುಗಿಯುತ್ತದೆ. ಆದ್ದರಿಂದ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಸಂಘದ ಕಾರ್ಯದರ್ಶಿಗಳು ಮುಂದಿನ ವರ್ಷದ ಆಯವ್ಯಯವನ್ನು ಸಿದ್ಧಪಡಿಸಿ ಆಡಳಿತ ಮಂಡಳಿಯ ಮುಂದಿಡುತ್ತಾರೆ. ಹತ್ತಾರು ಪುಟಗಳ ಆ ದಾಖಲೆಯನ್ನು ಸಭೆಯಲ್ಲಿ ಕುಳಿತು ಓದಿ ಮುಗಿಸುವುದು ಆಗದ ಮಾತು. ಹಾಗಾಗಿ ಅದರ ಮೇಲೆ ಒಂದು ಪುಟದ ಸಾರವನ್ನು ಲಗತ್ತಿಸುವುದುಂಟು. ನಿರ್ದೇಶಕರಲ್ಲಿ ಹೆಚ್ಚಿನವರು ಓದುವುದು ಆ ಪುಟವನ್ನು ಮಾತ್ರ. ಅದರಲ್ಲಿ ಯಾವ ಅಂಕಿಗೆ ಸ್ಥಳ ದೊರೆಯಿತು, ಯಾವುದಕ್ಕೆ ದೊರೆಯಲಿಲ್ಲ ಎಂಬುದರ ಮೇಲೆ ಸಭೆಯ ಚರ್ಚೆ ನಿಂತಿರುತ್ತದೆ.

ಈ ಪುಟವನ್ನು ರಚಿಸುವ ಕ್ರಮವನ್ನು ಬಾಗಲಕೋಟೆ ಜಿಲ್ಲೆಯ ಕೈಮಗ್ಗ ನೇಕಾರರ ಸಹಕಾರ ಸಂಘವೊಂದರ ಮಾದರಿಯ ಮೂಲಕ ಇಲ್ಲಿ ವಿವರಿಸಲಾಗಿದೆ. ಸಂಘವು ಕಲ್ಪಿತ, ಅಂಕಿಗಳನ್ನೂ ವಿವರಣೆಗಾಗಿ ಹೊಂದಿಸಲಾಗಿದೆ. ಆದರೆ ಅದು ಎದುರಿಸುವ ಋತುಮಾನ, ಹಬ್ಬ, ನೂಲು ಮತ್ತು ಮಜೂರಿಯ ಲೆಕ್ಕ ಆ ಭಾಗದ ಸೀರೆ ವ್ಯಾಪಾರದ್ದೇ ಆಗಿದೆ.

ಮಾದರಿ ಸಂಘದ ಸ್ಥಿತಿ

ಸಂಘದ ಮಗ್ಗಗಳು ಇಳಕಲ್ ಹಾಗೂ ಹುನಗುಂದದಲ್ಲಿವೆ. ಇಳಕಲ್, ಬಾಗಲಕೋಟೆ, ಬಾದಾಮಿ, ಹುನಗುಂದಗಳಲ್ಲಿ ಒಂದೊಂದು ಮಾರಾಟ ಮಳಿಗೆ ಇದೆ. ಇದಲ್ಲದೆ ಪ್ರದರ್ಶನಗಳಲ್ಲಿ ಮತ್ತು ಸಗಟು ವ್ಯಾಪಾರಿಗಳಿಗೂ ಸೀರೆ ಮಾರಾಟವಾಗುತ್ತದೆ. ಮುಂದಿನ ವರ್ಷ 180 ಲಕ್ಷ ರೂಪಾಯಿಯ ಮಾರಾಟ ಹಾಗೂ 4 ಲಕ್ಷದ ಇತರ ಆದಾಯವನ್ನು ಅಂದಾಜಿಸಲಾಗಿದೆ. ವೆಚ್ಚದ ಕಡೆ ನೂಲು, ರೇಷ್ಮೆ, ಬಣ್ಣಕ್ಕೆ 78 ಲಕ್ಷ, ನೇಕಾರರ ಮಜೂರಿಗೆ 66 ಲಕ್ಷ, ಸಿಬ್ಬಂದಿ ವೇತನ ಮತ್ತು ಮಳಿಗೆ ಬಾಡಿಗೆಗೆ 21 ಲಕ್ಷ, ಬಡ್ಡಿಗೆ 6 ಲಕ್ಷ, ಇತರೆಗೆ 7 ಲಕ್ಷ, ಒಟ್ಟು 178 ಲಕ್ಷ. ಉಳಿಯುವ ಮಿಗತೆ 6 ಲಕ್ಷ.

ವರ್ಷದ ಕೊನೆಗೆ ಮಿಗತೆ ಇದೆ ಎಂದ ಮೇಲೆ ಮಂಡಳಿಗೆ ಚಿಂತೆಯ ಕಾರಣವಿಲ್ಲ ಎಂದು ತೋರುವುದು ಸಹಜ. ಆದರೆ ಇದೇ ಸಂಘದಲ್ಲಿ ಸೆಪ್ಟೆಂಬರ್ ತಿಂಗಳಿಗೆ ಮಜೂರಿ ಕೊಡಲು ಹಣವಿರುವುದಿಲ್ಲ. ವಾರ್ಷಿಕ ಮೊತ್ತಗಳಷ್ಟೇ ಇರುವ ಸಾರದಲ್ಲಿ ಈ ಸಂಗತಿ ಎಲ್ಲಿಯೂ ಕಾಣಿಸದು. ಒಂದು ಪುಟದ ಸಾರವನ್ನು ಆಯವ್ಯಯದ ಶೀರ್ಷಿಕೆಗಳಿಂದ ಆರಂಭಿಸದೆ, ಮಂಡಳಿ ಕೈಗೊಳ್ಳಬೇಕಾದ ನಿರ್ಣಯಗಳಿಂದ ಆರಂಭಿಸಬೇಕೆನ್ನುವುದು ಇದಕ್ಕಾಗಿಯೇ.

ಮೊದಲು ಠರಾವು, ಆಮೇಲೆ ನಕ್ಷೆ

ಕಾರ್ಯದರ್ಶಿ ಮೊದಲು ಮಾಡಬೇಕಾದ ಕೆಲಸವೆಂದರೆ, ಸಭೆಯ ಕೊನೆಗೆ ನಡಾವಳಿ ಪುಸ್ತಕದಲ್ಲಿ ಬರೆಯಬೇಕಾದ ಠರಾವುಗಳ ಕರಡನ್ನು ಸಿದ್ಧಪಡಿಸುವುದು. ಮಾದರಿ ಸಂಘದಲ್ಲಿ ಅವು ಎರಡೇ. ಮೊದಲನೆಯದು, ಮಳೆಗಾಲದ ನಗದು ಕೊರತೆಯನ್ನು ಹೇಗೆ ತುಂಬುವುದು ಎಂಬುದು. ಎರಡನೆಯದು, ಬಾದಾಮಿ ಮಳಿಗೆಯ ಮಾರಾಟದ ಅಂದಾಜನ್ನು ಒಪ್ಪುವುದೋ ಬಿಡುವುದೋ ಎಂಬುದು. ಈ ಎರಡರಲ್ಲಿ ಒಂದಕ್ಕಾದರೂ ನೆರವಾಗದ ಅಂಕಿ ಎಷ್ಟೇ ದೊಡ್ಡದಿರಲಿ, ಅದರ ಸ್ಥಾನ ಒಳಪುಟಗಳಲ್ಲಿ.

ಈ ಪರೀಕ್ಷೆಯಲ್ಲಿ ಮೊದಲು ಬಿದ್ದುಹೋಗುವುದು ವೆಚ್ಚದ ವೃತ್ತ ನಕ್ಷೆ. ಕೇಂದ್ರ ಬಜೆಟ್‌ನ ದಿನ ‘ರೂಪಾಯಿ ಬರುವುದೆಲ್ಲಿಂದ, ಹೋಗುವುದೆಲ್ಲಿಗೆ’ ಎಂದು ಪತ್ರಿಕೆಗಳಲ್ಲಿ ಬರುವ ನಕ್ಷೆಯನ್ನು ಅನುಕರಿಸಿ ಅನೇಕ ಸಂಸ್ಥೆಗಳು ಇದನ್ನು ಹಾಕುತ್ತವೆ. ದೇಶದ ಹಣದ ಸ್ಥೂಲ ಪರಿಚಯ ಬಯಸುವ ಓದುಗರಿಗೆ ಅದು ತಕ್ಕುದು. ಆದರೆ ಶೇ 44ರಷ್ಟು ನೂಲಿಗೆ, ಶೇ 37ರಷ್ಟು ಮಜೂರಿಗೆ ಹೋಗುತ್ತದೆಂಬುದು ನೇಕಾರ ನಿರ್ದೇಶಕರಿಗೆ ಗೊತ್ತಿರುವ ವಿಷಯ. ಅಲ್ಲದೆ ಕಳೆದ ವರ್ಷದ ವೃತ್ತವನ್ನು ಪಕ್ಕಕ್ಕಿಟ್ಟರೂ ಕೋನಗಳ ನಡುವಿನ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳದು. ಅಮೆರಿಕದ ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಅಧ್ಯಯನವು, ಒಂದೇ ಅಳತೆಗೆರೆಯ ಮೇಲಿನ ಸ್ಥಾನಗಳನ್ನು ಜನರು ಕೋನ ಅಥವಾ ವಿಸ್ತೀರ್ಣಗಳಿಗಿಂತ ಹೆಚ್ಚು ನಿಖರವಾಗಿ ಹೋಲಿಸಬಲ್ಲರೆಂದು ತೋರಿಸಿತು. ಹೋಲಿಕೆಯೇ ಉದ್ದೇಶವಾದಾಗ ಕಂಬ ಮತ್ತು ರೇಖೆಗಳು ವೃತ್ತಕ್ಕಿಂತ ಮೇಲು.

ಉಳಿದ ಆಯ್ಕೆಗೆ ಒಂದು ಸರಳ ಸೂತ್ರ ಸಾಕು. ಓದುಗ ತನಗೆ ಬೇಕಾದ ನಿರ್ದಿಷ್ಟ ಅಂಕಿಯನ್ನು ಹುಡುಕುವಲ್ಲಿ ಕೋಷ್ಟಕ ಇರಲಿ. ಏರಿಳಿತದ ಆಕಾರವನ್ನು ಗ್ರಹಿಸಬೇಕಾದಲ್ಲಿ ನಕ್ಷೆ ಇರಲಿ. ಮಾದರಿ ಸಂಘಕ್ಕೆ ಒಂದು ಕೋಷ್ಟಕ ಮತ್ತು ಎರಡು ನಕ್ಷೆಗಳು ಸಾಕಾಗುತ್ತವೆ.

ಮೊದಲ ನಕ್ಷೆ: ತಿಂಗಳ ಕೊನೆಯ ನಗದು ಶಿಲ್ಕು

ಪುಟದ ಅತ್ಯುತ್ತಮ ಸ್ಥಳ, ಅಂದರೆ ಮೇಲ್ಭಾಗ, ಈ ನಕ್ಷೆಗೆ ಸಲ್ಲಬೇಕು. ಸಂಘ ಏಪ್ರಿಲ್ 1ರಂದು 14 ಲಕ್ಷ ರೂಪಾಯಿ ನಗದಿನೊಂದಿಗೆ ವರ್ಷ ಆರಂಭಿಸುತ್ತದೆ ಎಂದುಕೊಂಡರೆ, ಹೊಸ ಸಾಲವನ್ನು ಬಳಸದೆ ಪ್ರತಿ ತಿಂಗಳ ಕೊನೆಗೆ ಉಳಿಯುವ ಶಿಲ್ಕು ಹೀಗಿರುತ್ತದೆ.

| ತಿಂಗಳು | ಶಿಲ್ಕು (ಲಕ್ಷ ರೂ.) | ತಿಂಗಳು | ಶಿಲ್ಕು (ಲಕ್ಷ ರೂ.) |
|---|---|---|---|
| ಏಪ್ರಿಲ್ | 17 | ಅಕ್ಟೋಬರ್ | 2 |
| ಮೇ | 19 | ನವೆಂಬರ್ | 12 |
| ಜೂನ್ | 10 | ಡಿಸೆಂಬರ್ | 9 |
| ಜುಲೈ | 1 | ಜನವರಿ | 6 |
| ಆಗಸ್ಟ್ | 3 | ಫೆಬ್ರುವರಿ | 9 |
| ಸೆಪ್ಟೆಂಬರ್ | –8 | ಮಾರ್ಚ್ | 12 |

ಈ ಕೋಷ್ಟಕ ಪುಟದಲ್ಲಿ ಇರಬೇಕಾಗಿಲ್ಲ. ಇದನ್ನು ಹನ್ನೆರಡು ಕಂಬಗಳಾಗಿ ಬರೆದರೆ ಆಯಿತು. ಮದುವೆ ಹಂಗಾಮು ಮುಗಿಯುತ್ತಲೇ ಆಷಾಢದಲ್ಲಿ ಮಾರಾಟ ಕುಸಿಯುತ್ತದೆ, ಆದರೆ ಮಗ್ಗಗಳು ನಿಲ್ಲುವುದಿಲ್ಲ, ಮಜೂರಿಯೂ ನಿಲ್ಲುವುದಿಲ್ಲ. ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಸೀರೆ ಕೊಳ್ಳುವ ರೂಢಿಯಿಂದ ಶ್ರಾವಣದಲ್ಲಿ ಸ್ವಲ್ಪ ಚೇತರಿಕೆ ಇರುತ್ತದೆ. ಸೆಪ್ಟೆಂಬರ್‌ನಲ್ಲಿ ದಸರಾ, ದೀಪಾವಳಿಗಾಗಿ 12 ಲಕ್ಷದ ನೂಲು ಒಮ್ಮೆಲೇ ಖರೀದಿಯಾದಾಗ ಶಿಲ್ಕು ಸೊನ್ನೆಯ ಕೆಳಗೆ ಇಳಿಯುತ್ತದೆ.

ನಕ್ಷೆಯ ಮೇಲೆ ಒಂದು ಅಡ್ಡಗೆರೆಯನ್ನು ಎಳೆಯುವುದು ಅತ್ಯಗತ್ಯ. ಅದು ಒಂದು ತಿಂಗಳ ಮಜೂರಿಯ ಗೆರೆ. ವರ್ಷದ 66 ಲಕ್ಷವನ್ನು 12ರಿಂದ ಭಾಗಿಸಿದರೆ 5.5 ಲಕ್ಷ. ಕಂಬ ಈ ಗೆರೆಯ ಕೆಳಗಿದ್ದರೆ ಮುಂದಿನ ತಿಂಗಳ ಮಜೂರಿಗೆ ಕೈಯಲ್ಲಿ ಹಣವಿಲ್ಲ ಎಂದರ್ಥ. ಜುಲೈನಿಂದ ಅಕ್ಟೋಬರ್‌ವರೆಗಿನ ನಾಲ್ಕೂ ತಿಂಗಳುಗಳು ಗೆರೆಯ ಕೆಳಗಿವೆ. ಈ ಗೆರೆ ಇಲ್ಲದಿದ್ದರೆ ಸೆಪ್ಟೆಂಬರ್ ಮಾತ್ರ ತೊಂದರೆಯ ತಿಂಗಳೆಂದು ನಿರ್ದೇಶಕರು ಭಾವಿಸುತ್ತಾರೆ.

ಬೇಕಾದ ಸಾಲದ ಪ್ರಮಾಣವನ್ನೂ ಇದೇ ನಕ್ಷೆ ಹೇಳುತ್ತದೆ. ಸೆಪ್ಟೆಂಬರ್ ಕಂಬದ ತುದಿಯಿಂದ ಮಜೂರಿ ಗೆರೆಯವರೆಗಿನ ಅಂತರ 8 ಮತ್ತು 5.5 ಸೇರಿ 13.5 ಲಕ್ಷ. ಸಂಘಕ್ಕೆ ಈಗಿರುವ ಕ್ಯಾಶ್ ಕ್ರೆಡಿಟ್ ಮಿತಿ 8 ಲಕ್ಷವೆಂದಾದರೆ, ಅದನ್ನು ಪೂರ್ತಿ ಬಳಸಿದರೂ ಸೆಪ್ಟೆಂಬರ್ ಕೊನೆಗೆ ಶಿಲ್ಕು ಸೊನ್ನೆ. ಮಂಡಳಿಯ ಮುಂದೆ ಎರಡು ಮಾರ್ಗಗಳಿವೆ. ಮಿತಿಯನ್ನು 14 ಲಕ್ಷಕ್ಕೆ ಏರಿಸಲು ಬ್ಯಾಂಕಿಗೆ ಮೊದಲೇ ಅರ್ಜಿ ಸಲ್ಲಿಸುವುದು ಒಂದು. ನೂಲಿನ ಖರೀದಿಯಲ್ಲಿ 6 ಲಕ್ಷವನ್ನು ಅಕ್ಟೋಬರ್‌ಗೆ ಮುಂದೂಡುವುದು ಇನ್ನೊಂದು. ಮುಂದೂಡಿದರೆ ಸೆಪ್ಟೆಂಬರ್ ಶಿಲ್ಕು –2 ಆಗಿ, ಅಗತ್ಯ 7.5 ಲಕ್ಷಕ್ಕೆ ಇಳಿಯುತ್ತದೆ. ಈಗಿನ ಮಿತಿಯೇ ಸಾಕು. ಆದರೆ ನೂಲು ಬಣ್ಣವೇರಿ, ಹಾಸಾಗಿ, ಮಗ್ಗವೇರಿ, ಸೀರೆಯಾಗಿ ಅಂಗಡಿ ಸೇರಲು ವಾರಗಳೇ ಬೇಕು. ದೀಪಾವಳಿ ಬೇಗ ಬಂದ ವರ್ಷ ಅಕ್ಟೋಬರ್‌ನ ನೂಲು ಹಬ್ಬಕ್ಕೆ ಒದಗದು. ಎರಡೂ ಮಾರ್ಗಗಳನ್ನು ನಕ್ಷೆಯ ಕೆಳಗೆ ಎರಡು ಸಾಲುಗಳಲ್ಲಿ ಬರೆಯಬೇಕು, ಆಯ್ಕೆ ಮಂಡಳಿಯದು.

ಈ ನಕ್ಷೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಹಿಂದಿನ ವರ್ಷದ ತಿಂಗಳವಾರು ಪ್ರಮಾಣವನ್ನು ಹಾಗೆಯೇ ನಕಲು ಮಾಡುವುದು. ಹಬ್ಬಗಳು ಇಂಗ್ಲಿಷ್ ತಿಂಗಳುಗಳಿಗೆ ಕಟ್ಟುಬಿದ್ದಿಲ್ಲ. 2022ರಲ್ಲಿ ನಾಗರ ಪಂಚಮಿ ಆಗಸ್ಟ್ 2ರಂದು, ದೀಪಾವಳಿ ಅಕ್ಟೋಬರ್ 24ರಂದು ಬಂದಿದ್ದವು. 2023ರಲ್ಲಿ ಅಧಿಕ ಶ್ರಾವಣ ಬಂದುದರಿಂದ ಪಂಚಮಿ ಆಗಸ್ಟ್ 21ಕ್ಕೂ ದೀಪಾವಳಿ ನವೆಂಬರ್ 12ಕ್ಕೂ ಸರಿದವು. ಅಂಥ ವರ್ಷ ಹಳೆಯ ಪ್ರಮಾಣವನ್ನೇ ಇಟ್ಟುಕೊಂಡರೆ ಅಕ್ಟೋಬರ್‌ನಲ್ಲಿ ಬರುವುದೆಂದು ನಕ್ಷೆ ಹೇಳಿದ ಹಣ ನವೆಂಬರ್‌ನಲ್ಲಿ ಬರುತ್ತದೆ. ಆದ್ದರಿಂದ ಮೊದಲು ಪಂಚಾಂಗ ನೋಡಿ ಹಬ್ಬಗಳನ್ನು ಗುರುತಿಸಿಕೊಂಡು, ಆಮೇಲೆ ಮಾರಾಟವನ್ನು ತಿಂಗಳುಗಳಿಗೆ ಹಂಚುವುದು ಸರಿಯಾದ ಕ್ರಮ.

ಎರಡನೆಯ ನಕ್ಷೆ: ಮಿಗತೆ ಬದಲಾದ ಬಗೆ

ಈ ವರ್ಷದ ಪರಿಷ್ಕೃತ ಅಂದಾಜಿನಂತೆ ಮಿಗತೆ 7 ಲಕ್ಷ. ಮುಂದಿನ ವರ್ಷ 6 ಲಕ್ಷ. ಮಾರಾಟ 20 ಲಕ್ಷ ಹೆಚ್ಚಿಯೂ ಮಿಗತೆ ಏಕೆ ಇಳಿಯಿತು ಎಂದು ಯಾರಾದರೂ ಕೇಳುವುದು ಖಂಡಿತ. ಅದಕ್ಕೆ ಉತ್ತರ ಮೆಟ್ಟಿಲು ನಕ್ಷೆ. ಎಡಗಡೆ 7ರ ಕಂಬ, ಅದರ ಮೇಲಿಂದ 20ರಷ್ಟು ಏರುವ ಮೆಟ್ಟಿಲು, ನಂತರ ನೂಲಿಗೆ 12, ಮಜೂರಿಗೆ 6, ವೇತನ, ಬಡ್ಡಿ ಹಾಗೂ ಇತರೆಗೆ 3ರಷ್ಟು ಇಳಿಯುವ ಮೂರು ಮೆಟ್ಟಿಲುಗಳು, ಬಲಗಡೆ 6ರ ಕಂಬ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆಗಳಿಂದ ಜೋಡಿಸಿ ನೇಯಲಾಗುತ್ತದೆ. ಒಡಲು ಹತ್ತಿಯದಾಗಿ ಸೆರಗು ರೇಷ್ಮೆಯದಾದಾಗ ಎರಡು ಬೇರೆ ಮಾರುಕಟ್ಟೆಗಳ ಬೆಲೆ ಒಂದೇ ಸೀರೆಯಲ್ಲಿ ಸೇರುತ್ತದೆ. ಆದ್ದರಿಂದ 12 ಲಕ್ಷದ ಮೆಟ್ಟಿಲನ್ನು ಎರಡಾಗಿ ಒಡೆದು ತೋರಿಸುವುದು ಒಳ್ಳೆಯದು: ಹೆಚ್ಚು ಸೀರೆ ನೇಯುವುದಕ್ಕಾಗಿ 5 ಲಕ್ಷ, ದರ ಏರಿಕೆಯಿಂದ 7 ಲಕ್ಷ. ಮೊದಲನೆಯದು ಸಂಘ ತಾನೇ ಆರಿಸಿಕೊಂಡದ್ದು, ಎರಡನೆಯದು ಅದರ ಕೈಮೀರಿದ್ದು. ಸೀರೆಯ ದರ ಏರಿಸಬೇಕೇ ಎಂಬ ಚರ್ಚೆ ಎರಡನೆಯ ಅಂಕಿಯಿಂದ ಹುಟ್ಟಬೇಕು.

ಎಕ್ಸೆಲ್‌ನಲ್ಲಿ 2016ರ ಆವೃತ್ತಿಯಿಂದ ಈ ಬಗೆಯ ನಕ್ಷೆಯ ಸೌಲಭ್ಯ ಸಿದ್ಧವಾಗಿದೆ. ಹಳೆಯ ಆವೃತ್ತಿಯಿದ್ದಲ್ಲಿ ಒಂದರ ಮೇಲೊಂದು ಪೇರಿಸಿದ ಕಂಬ ನಕ್ಷೆಯನ್ನು ಮಾಡಿ, ಕೆಳಗಿನ ಕಂಬಕ್ಕೆ ಬಣ್ಣವಿಲ್ಲದಂತೆ ಮಾಡಿದರೆ ಮೇಲಿನ ಭಾಗ ಮೆಟ್ಟಿಲಿನಂತೆ ತೇಲುತ್ತದೆ. ಯಾವುದೇ ಕಂಬ ನಕ್ಷೆಯ ಅಳತೆಗೆರೆ ಸೊನ್ನೆಯಿಂದಲೇ ಆರಂಭವಾಗಬೇಕು. ಇಲ್ಲದಿದ್ದರೆ ಚಿಕ್ಕ ವ್ಯತ್ಯಾಸವೂ ದುಪ್ಪಟ್ಟಿನಂತೆ ಕಾಣುತ್ತದೆ.

ಒಂದೇ ಕೋಷ್ಟಕ: ಮಳಿಗೆವಾರು ಲೆಕ್ಕ

ಪ್ರತಿ ನಿರ್ದೇಶಕನೂ ಮೊದಲು ತನ್ನ ಊರಿನ ಅಂಕಿಯನ್ನು ಹುಡುಕುತ್ತಾನೆ. ಹುಡುಕುವ ಅಂಕಿಗೆ ಕೋಷ್ಟಕವೇ ಸರಿ. ಕೆಳಗಿನ ಅಂಕಿಗಳೆಲ್ಲ ಲಕ್ಷ ರೂಪಾಯಿಗಳಲ್ಲಿವೆ.

| ಮಳಿಗೆ | ಈ ವರ್ಷದ ಪರಿಷ್ಕೃತ ಮಾರಾಟ | ಮುಂದಿನ ವರ್ಷದ ಮಾರಾಟ | ಹೆಚ್ಚಳ | ಮಳಿಗೆಯ ವೆಚ್ಚ ಕಳೆದು ಉಳಿಯುವುದು |
|---|---|---|---|---|
| ಇಳಕಲ್ | 58 | 62 | 4 | 8.9 |
| ಬಾಗಲಕೋಟೆ | 50 | 54 | 4 | 4.8 |
| ಬಾದಾಮಿ | 19 | 28 | 9 | 2.6 |
| ಹುನಗುಂದ | 15 | 16 | 1 | 1.7 |
| ಪ್ರದರ್ಶನ, ಸಗಟು | 18 | 20 | 2 | 4.0 |
| ಒಟ್ಟು | 160 | 180 | 20 | 22.0 |

ಕೊನೆಯ ಕಂಬಸಾಲಿನ ಲೆಕ್ಕ ಸರಳ. ನೂಲು ಮತ್ತು ಮಜೂರಿ ಸೇರಿ 144 ಲಕ್ಷ, ಅಂದರೆ ಮಾರಾಟದ ಶೇ 80. ಉಳಿದ ಶೇ 20ರಲ್ಲಿ ಆಯಾ ಮಳಿಗೆಯ ವೇತನ, ಬಾಡಿಗೆಯನ್ನು ಕಳೆಯಲಾಗಿದೆ. ಬಾಗಲಕೋಟೆಯಲ್ಲಿ 10.8 ಲಕ್ಷದಿಂದ 6 ಲಕ್ಷ ಕಳೆದರೆ 4.8 ಲಕ್ಷ. ಒಟ್ಟು 22 ಲಕ್ಷಕ್ಕೆ ಇತರ ಆದಾಯದ 4 ಲಕ್ಷ ಸೇರಿಸಿ, ಕೇಂದ್ರ ಕಚೇರಿಯ 7, ಬಡ್ಡಿಯ 6, ಇತರೆಯ 7 ಲಕ್ಷ ಕಳೆದರೆ ಮತ್ತೆ 6 ಲಕ್ಷದ ಮಿಗತೆಗೇ ಬರುತ್ತದೆ.

ಈ ಕೋಷ್ಟಕದ ಮುಖ್ಯ ಸಂಗತಿ ಬಾದಾಮಿಯ ಸಾಲಿನಲ್ಲಿದೆ. ಒಟ್ಟು 20 ಲಕ್ಷದ ಹೆಚ್ಚಳದಲ್ಲಿ 9 ಲಕ್ಷ ಅದೊಂದೇ ಮಳಿಗೆಯಿಂದ ಬರಬೇಕಾಗಿದೆ. ಮಳಿಗೆಯನ್ನು ಗುಹಾ ದೇವಾಲಯಗಳತ್ತ ಹೋಗುವ ರಸ್ತೆಗೆ ಸ್ಥಳಾಂತರಿಸುವುದು, ಬನಶಂಕರಿ ಜಾತ್ರೆಯಲ್ಲಿ ತಾತ್ಕಾಲಿಕ ಅಂಗಡಿ ಹಾಕುವುದು ಈ ಅಂದಾಜಿನ ಆಧಾರವೆಂದು ಇಟ್ಟುಕೊಳ್ಳೋಣ. ಆ ಸಾಲನ್ನು ದಪ್ಪಕ್ಷರದಲ್ಲಿ ಮುದ್ರಿಸಿ, ಕೆಳಗೆ ಈ ಆಧಾರವನ್ನು ಒಂದು ವಾಕ್ಯದಲ್ಲಿ ಬರೆಯಬೇಕು.

ಅಂದಾಜು ಹುಸಿಯಾದರೆ ಏನಾಗುತ್ತದೆಂಬುದೂ ಅಲ್ಲಿಯೇ ಇರಬೇಕು. ಬಾದಾಮಿಯ ಮಾರಾಟ ಹಳೆಯ 19 ಲಕ್ಷದಲ್ಲಿಯೇ ನಿಂತರೆ ಮಿಗತೆ ಕಡಿಮೆಯಾಗುವುದು 9 ಲಕ್ಷದ ಶೇ 20, ಅಂದರೆ 1.8 ಲಕ್ಷ ಮಾತ್ರ. 6 ಇದ್ದದ್ದು 4.2 ಆಗುತ್ತದೆ. ಇಷ್ಟನ್ನೇ ಬರೆದರೆ ಗಂಡಾಂತರ ಚಿಕ್ಕದೆಂದು ಮಂಡಳಿ ನಂಬುತ್ತದೆ. ಆದರೆ ಆ ಸೀರೆಗಳ ನೂಲಿಗೂ ಮಜೂರಿಗೂ ಹಣ ಆಗಲೇ ಸಂದಾಯವಾಗಿರುತ್ತದೆ. ಮಾರಾಟವಾಗದ ಸೀರೆ ದಾಸ್ತಾನಾಗಿ ಕಪಾಟಿನಲ್ಲಿ ಉಳಿಯುತ್ತದೆ. ಲೆಕ್ಕದಲ್ಲಿ ಅದು ಆಸ್ತಿ, ಗಲ್ಲೆಯಲ್ಲಿ ಸೊನ್ನೆ. ಹೀಗಾಗಿ ನಗದು ಕಡಿಮೆಯಾಗುವುದು ಪೂರ್ತಿ 9 ಲಕ್ಷ. ಮಾರ್ಚ್ ಶಿಲ್ಕು 12ರಿಂದ 3 ಲಕ್ಷಕ್ಕೆ ಕುಸಿದು ಮಜೂರಿ ಗೆರೆಯ ಕೆಳಗೆ ಹೋಗುತ್ತದೆ. ಮಿಗತೆಯ ಪರಿಣಾಮ, ನಗದಿನ ಪರಿಣಾಮ ಎರಡನ್ನೂ ಜೊತೆಯಾಗಿ ಬರೆಯಬೇಕಾದುದು ಇದಕ್ಕಾಗಿ.

ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ, ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುತ್ತದೆ. ಜಾತ್ರೆ ಮುಗಿದ ಮೇಲೆ ಅಂದಾಜು ತಪ್ಪಿತೆಂದು ತಿಳಿದರೆ ಆ ವರ್ಷ ಮಾಡುವುದಕ್ಕೆ ಹೆಚ್ಚೇನೂ ಉಳಿಯದು. ಆದ್ದರಿಂದ ಎರಡನೆಯ ಠರಾವು ಅಂದಾಜನ್ನು ಒಪ್ಪುವುದಷ್ಟೇ ಆಗದೆ, ನವೆಂಬರ್ ಕೊನೆಗೆ ಬಾದಾಮಿಯ ಮಾರಾಟವನ್ನು ಪರಿಶೀಲಿಸಿ ಉಳಿದ ನೇಯ್ಗೆಯ ಪ್ರಮಾಣವನ್ನು ನಿರ್ಧರಿಸಬೇಕೆಂಬ ಷರತ್ತನ್ನೂ ಒಳಗೊಳ್ಳಬೇಕು.

ಪುಟದ ಜೋಡಣೆ

ಎ4 ಹಾಳೆಯ ತಲೆಯಲ್ಲಿ ಮೂರು ವಾಕ್ಯಗಳು ಇರಲಿ: ‘ವರ್ಷಕ್ಕೆ 6 ಲಕ್ಷ ಮಿಗತೆ ಇದೆ. ಆದರೆ ಜುಲೈನಿಂದ ಅಕ್ಟೋಬರ್‌ವರೆಗೆ ಮಜೂರಿಯ ಹಣ ಸಾಲದು, ಸೆಪ್ಟೆಂಬರ್‌ನಲ್ಲಿ 13.5 ಲಕ್ಷ ಬೇಕಾಗುತ್ತದೆ. ಮಾರಾಟದ ಹೆಚ್ಚಳದಲ್ಲಿ ಸುಮಾರು ಅರ್ಧ ಬಾದಾಮಿಯೊಂದನ್ನೇ ಅವಲಂಬಿಸಿದೆ.’ ಅದರ ಕೆಳಗೆ ಪುಟದ ಪೂರ್ತಿ ಅಗಲಕ್ಕೆ ನಗದು ನಕ್ಷೆ, ಮಧ್ಯದಲ್ಲಿ ಎಡಕ್ಕೆ ಮೆಟ್ಟಿಲು ನಕ್ಷೆ, ಬಲಕ್ಕೆ ಮಳಿಗೆ ಕೋಷ್ಟಕ, ತಳದಲ್ಲಿ ಎರಡು ಕರಡು ಠರಾವುಗಳು. ನಕ್ಷೆಗಳ ಶೀರ್ಷಿಕೆಯೂ ಸಂಗತಿಯನ್ನೇ ಹೇಳಬೇಕು. ‘ತಿಂಗಳವಾರು ಶಿಲ್ಕು’ ಎನ್ನುವುದಕ್ಕಿಂತ ‘ನಾಲ್ಕು ತಿಂಗಳು ಶಿಲ್ಕು ಮಜೂರಿ ಗೆರೆಯ ಕೆಳಗೆ’ ಎಂಬುದು ಲೇಸು.

ಕನ್ನಡದಲ್ಲಿ ಮುದ್ರಿಸುವಾಗ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗಿಂತ ಹೆಚ್ಚು ಅಂತರ ಬೇಕು. ಅಕ್ಷರದ ಗಾತ್ರ 11 ಪಾಯಿಂಟ್‌ಗಿಂತ ಕಡಿಮೆಯಾದರೆ ಹಿರಿಯ ನಿರ್ದೇಶಕರಿಗೆ ಓದಲಾಗದು. ಇದಕ್ಕೆ ಸ್ಥಳ ಸಾಲದಿದ್ದರೆ ಒಂದು ಅಂಕಿಯನ್ನು ತೆಗೆಯಬೇಕೇ ಹೊರತು ಅಕ್ಷರವನ್ನು ಕುಗ್ಗಿಸಬಾರದು. ಸಭೆಗೆ ಹಂಚುವ ಪ್ರತಿಗಳು ಬಹುತೇಕ ಕಪ್ಪು-ಬಿಳುಪು ಜೆರಾಕ್ಸ್ ಆಗಿರುತ್ತವೆ. ಕೆಂಪು, ಹಸಿರುಗಳೆರಡೂ ಅಲ್ಲಿ ಒಂದೇ ಬೂದು ಬಣ್ಣವಾಗುವುದರಿಂದ, ಏರುವ ಮೆಟ್ಟಿಲನ್ನು ಖಾಲಿಯಾಗಿ, ಇಳಿಯುವುದನ್ನು ಗಾಢವಾಗಿ ಇಟ್ಟು, ಪ್ರತಿಯೊಂದರ ಮೇಲೂ ಅಂಕಿ ಬರೆಯುವುದು ಸುರಕ್ಷಿತ.

ಇನ್ನೊಂದು ಎಚ್ಚರಿಕೆ ಅಂಕಿಗಳ ಸ್ವರೂಪದ್ದು. ಮಾರ್ಚ್‌ನಲ್ಲಿ ಸಭೆ ಸೇರುವಾಗ ಈ ವರ್ಷದ ಲೆಕ್ಕ ಮುಗಿದಿರುವುದಿಲ್ಲ. 160 ಲಕ್ಷವೆಂಬುದು ಜನವರಿವರೆಗಿನ ವಾಸ್ತವಿಕ ಮಾರಾಟಕ್ಕೆ ಎರಡು ತಿಂಗಳ ಅಂದಾಜು ಸೇರಿಸಿದ್ದು. ಅದಕ್ಕೆ ‘ಪರಿಷ್ಕೃತ ಅಂದಾಜು’ ಎಂಬ ಹೆಸರೇ ಇರಬೇಕು. ‘ವಾಸ್ತವಿಕ’ ಎಂದು ಬರೆದರೆ ಮುಂದೆ ಲೆಕ್ಕಪರಿಶೋಧನೆಯ ವರದಿಯೊಂದಿಗೆ ತಾಳೆಯಾಗದು.

ಪುಟ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಮೊದಲ ಪರೀಕ್ಷೆ ಲೆಕ್ಕದ್ದು. ಮಿಗತೆಯ 6 ಲಕ್ಷ ಮೆಟ್ಟಿಲು ನಕ್ಷೆಯಲ್ಲಿಯೂ ಕೋಷ್ಟಕದ ಲೆಕ್ಕದಲ್ಲಿಯೂ ಒಂದೇ ಆಗಿರಬೇಕು. ನಗದು ನಕ್ಷೆಯೊಂದಿಗೆ ಅದನ್ನು ಬೆಸೆಯುವ ಒಂದು ಸಾಲು ಅಡಿಯಲ್ಲಿ ಇರಬೇಕು: ಆರಂಭದ ಶಿಲ್ಕು 14, ಮಿಗತೆಯಿಂದ 6 ಕೂಡಿ, ಹೆಚ್ಚುವರಿ ದಾಸ್ತಾನಿಗೆ 5 ಮತ್ತು ಸಾಲದ ಅಸಲಿಗೆ 3 ಕಳೆದು, ಕೊನೆಯ ಶಿಲ್ಕು 12. ಮಿಗತೆ ಇದ್ದರೂ ನಗದು 2 ಲಕ್ಷ ಇಳಿದದ್ದೇಕೆ ಎಂಬ ಪ್ರಶ್ನೆಗೆ ಈ ಸಾಲೇ ಉತ್ತರ.

ಎರಡನೆಯ ಪರೀಕ್ಷೆ ಓದಿನದು. ಆಯವ್ಯಯ ತಯಾರಿಯಲ್ಲಿ ಭಾಗವಹಿಸದ ಒಬ್ಬ ನಿರ್ದೇಶಕರ ಕೈಗೆ ಪುಟವನ್ನು ಕೊಟ್ಟು, ಎರಡು ನಿಮಿಷದ ನಂತರ ಹಿಂಪಡೆದು, ಹಣ ಯಾವ ತಿಂಗಳು ಸಾಲದು, ಅಂದಾಜು ಯಾವ ಊರನ್ನು ನೆಚ್ಚಿದೆ ಎಂದು ಕೇಳಬೇಕು. ಉತ್ತರ ಬಾರದಿದ್ದರೆ ದೋಷ ಪುಟದ್ದು. ಸಭೆಯಲ್ಲಿ ಚರ್ಚೆ ಚಹಾ, ಪ್ರವಾಸ ಭತ್ಯೆಗಳ ಸುತ್ತ ಸುತ್ತತೊಡಗಿದರೆ ಅದೂ ಅದೇ ದೋಷದ ಲಕ್ಷಣ. ದೊಡ್ಡ ಪ್ರಶ್ನೆ ಕಾಣದಿದ್ದಾಗ ಜನ ತಮಗೆ ಕಾಣುವ ಸಣ್ಣ ಅಂಕಿಯನ್ನು ಹಿಡಿಯುತ್ತಾರೆ.

ಈ ಪುಟಕ್ಕೆ ಮಿತಿಯೂ ಉಂಟು. ಅದು ಪೂರ್ಣ ಆಯವ್ಯಯದ ಬದಲಿಯಲ್ಲ. ಪ್ರತಿ ಅಂಕಿಯ ಪಕ್ಕದಲ್ಲಿ ಒಳಪುಟದ ಸಂಖ್ಯೆ ಇರಬೇಕು. ಸಂದೇಹ ಬಂದ ನಿರ್ದೇಶಕ ಅಲ್ಲಿಗೆ ಹೋಗಿ ನೋಡುವಂತಿರಬೇಕು. ಅಲ್ಲದೆ ಪುಟವನ್ನು ಬರೆಯುವ ಕಾರ್ಯದರ್ಶಿಯೇ ಅಂದಾಜುಗಳ ಕರ್ತೃವೂ ಆಗಿರುವುದರಿಂದ, ತನಗೆ ಅನನುಕೂಲವಾದ ಅಂಕಿಯನ್ನು ಒಳಪುಟಕ್ಕೆ ತಳ್ಳುವ ಅವಕಾಶ ಸದಾ ಇರುತ್ತದೆ. ಪುಟದಲ್ಲಿ ಯಾವ ಮೂರು ವಿಷಯಗಳಿರಬೇಕೆಂದು ಮಂಡಳಿಯೇ ಮೊದಲು ತೀರ್ಮಾನಿಸಿ, ವರ್ಷದಿಂದ ವರ್ಷಕ್ಕೆ ಅದೇ ನಮೂನೆಯನ್ನು ಉಳಿಸಿಕೊಂಡರೆ ಈ ಅವಕಾಶ ಕಿರಿದಾಗುತ್ತದೆ. ನಮೂನೆಯಿಂದ ಯಾವುದಾದರೂ ನಕ್ಷೆ ಕಣ್ಮರೆಯಾದ ವರ್ಷ, ನಿರ್ದೇಶಕರು ಮೊದಲು ಕೇಳಬೇಕಾದದ್ದು ಅದರ ಬಗ್ಗೆಯೇ.